ಸಹಿ ಪುಟವೇ ಇಲ್ಲದ ಒಪ್ಪಿಗೆ ಪತ್ರ: ಪೋಷಕರಿಗೆ ವಾಪಸ್ ಕಳಿಸುವಾಗ ಏನಂತ ಬರೆಯಬೇಕು?

ಪ್ರಶ್ನೆ: ಮೇಡಂ, ನಾನು ಮಂಡ್ಯದಲ್ಲಿ ಪಿಯು ಹೆಣ್ಣುಮಕ್ಕಳ ಹಾಸ್ಟೆಲಿಗೆ ಹೊಸದಾಗಿ ವಾರ್ಡನ್ ಆಗಿ ಬಂದಿದ್ದೇನೆ. ನಮ್ಮ ಪೋಷಕರ ಒಪ್ಪಿಗೆ ಪತ್ರ ನಾಲ್ಕು ಪುಟ. ಒಬ್ಬ ಹುಡುಗಿಯದು ಮೂರೇ ಪುಟ ಬಂದಿದೆ, ಸಹಿ ಇರಬೇಕಾದ ನಾಲ್ಕನೇ ಪುಟ ಇಲ್ಲ. ಅಪ್ಪ ಬೆಂಗಳೂರಲ್ಲಿ ಡ್ರೈವರ್, ಅಮ್ಮ ನಾಗಮಂಗಲ ಕಡೆ ಹಳ್ಳಿಯಲ್ಲಿದ್ದಾರೆ. ಹಳೇ ಫೈಲಲ್ಲಿ "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಅಂತ ಶುರುವಾಗುವ ಒಂದು ಮಾದರಿ ಪತ್ರ ಇದೆ. ಅದನ್ನೇ ಕಳಿಸಲಾ? ಇಲ್ಲಾ, ಸಹಿ ಪುಟ ಒಂದನ್ನೇ ಕಳಿಸಿಕೊಡಿ ಅಂತ ಕೇಳಿದರೆ ಸಾಲದಾ?

ಉತ್ತರ: ಹಳೇ ಮಾದರಿ ಕಳಿಸಬೇಡಿ. ಸಹಿ ಪುಟ ಒಂದನ್ನೇ ಕೇಳಲೂ ಬೇಡಿ. ಬಂದಿರುವ ಮೂರು ಪುಟದ ಜೊತೆ ಒಂದು ಹೊಸ ನಾಲ್ಕನೇ ಪುಟ ಸೇರಿಸಿ, ನಾಲ್ಕನ್ನೂ ಒಟ್ಟಿಗೆ ಪಿನ್ ಹೊಡೆದು, ಅವರು ಓದಿದ ಕೂಡಲೇ ಅರ್ಥವಾಗುವಂಥ ಒಂದು ಸಣ್ಣ ಪತ್ರ ಇಟ್ಟು ಕಳಿಸಿ. ಮೈಸೂರಲ್ಲಿ 22 ವರ್ಷ ಹೆಣ್ಣುಮಕ್ಕಳ ಹಾಸ್ಟೆಲ್ ನೋಡಿಕೊಂಡವಳು ನಾನು. ಈ ಒಂದು ಹಾಳೆಯ ವಿಷಯದಲ್ಲಿ ತಪ್ಪು ಮಾಡಿ ಕಲಿತಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಪತ್ರ ಬರೆಯೋಕೆ ಮೊದಲು ಒಂದು ಕೆಲಸ ಇದೆ. ಆ ಹಾಳೆ ನಿಜವಾಗಿಯೂ ಅವರ ಹತ್ತಿರ ಉಳಿದಿದೆಯಾ, ಇಲ್ಲ ನಿಮ್ಮ ಆಫೀಸಿನಲ್ಲೇ ಎಲ್ಲೋ ಸೇರಿಕೊಂಡಿದೆಯಾ ನೋಡಿ. ಅಡ್ಮಿಷನ್ ವಾರದಲ್ಲಿ ಫಾರಂಗಳು ರಾಶಿ ಬಿದ್ದಿರುತ್ತವೆ. ಯಾರೋ ಜೆರಾಕ್ಸ್ ಮಾಡಿಸೋಕೆ ಅಂತ ಪಿನ್ ಕೀಳುತ್ತಾರೆ, ಕೊನೇ ಹಾಳೆ ಮೆಷಿನ್ನಿನ ಗಾಜಿನ ಮೇಲೇ ಉಳಿದುಬಿಡುತ್ತದೆ. ಮುಂದಿನವರು ತಮ್ಮ ಹಾಳೆ ಜೊತೆ ಅದನ್ನೂ ಎತ್ತಿಕೊಂಡು ಹೋಗುತ್ತಾರೆ. ಹಾಗಾಗಿ ಆ ಹುಡುಗಿಯ ಫಾರಂ ಹಿಂದೆ ಮುಂದೆ ಇದ್ದ ಹತ್ತು ಹದಿನೈದು ಫಾರಂ ತೆಗೆದು ನೋಡಿ. ಯಾವುದಾದರೂ ಒಂದರಲ್ಲಿ ನಾಲ್ಕನೇ ಪುಟ ಎರಡು ಇದ್ದರೆ ಅಲ್ಲಿಗೆ ಮುಗಿಯಿತು. ಬಂದ ಕವರನ್ನೂ ಬಿಡಬೇಡಿ, ಒಳಗೆ ಅಂಟಿಕೊಂಡಿರಬಹುದು.

ಆಮೇಲೆ ಆ ಮೂರು ಪುಟದ ಎಡಗಡೆ ಮೇಲಿನ ಮೂಲೆಯನ್ನು ಬೆಳಕಿಗೆ ಹಿಡಿದು ನೋಡಿ. ಪಿನ್ ಹೊಡೆದ ಎರಡು ಸಣ್ಣ ತೂತು ಇದೆಯಾ? ಪಿನ್ ಇನ್ನೂ ಇದ್ದರೆ, ಅದರ ಹಿಂಭಾಗದ ಕಾಲಿನಲ್ಲಿ ಹರಿದ ಕಾಗದದ ಚೂರು ಸಿಕ್ಕಿಕೊಂಡಿದೆಯಾ? ಚೂರು ಇದ್ದರೆ ನಾಲ್ಕನೇ ಹಾಳೆ ಒಂದು ಕಾಲಕ್ಕೆ ಜೊತೆಗೇ ಇತ್ತು, ಆಮೇಲೆ ಯಾರೋ ಕಿತ್ತಿದ್ದಾರೆ ಅಂತ ಅರ್ಥ. ಎರಡೆರಡು ಜೊತೆ ತೂತು ಇದ್ದರೆ ಒಂದು ಸಲ ಪಿನ್ ಕಿತ್ತು ಮತ್ತೆ ಹೊಡೆದಿದ್ದಾರೆ, ಜೆರಾಕ್ಸ್ ಅಂಗಡಿಗೆ ಹೋಗಿ ಬಂದಿರುವ ಸಾಧ್ಯತೆ ಜಾಸ್ತಿ. ತೂತೇ ಇಲ್ಲದಿದ್ದರೆ ನೀವೇ ಬಿಡಿ ಹಾಳೆ ಕೊಟ್ಟಿದ್ದೀರಿ, ಅವರು ಬಿಡಿಯಾಗೇ ವಾಪಸ್ ಕೊಟ್ಟಿದ್ದಾರೆ. ಇನ್ನೊಂದು ಗಮನಿಸಿ. ಬಂದಿರುವುದು ಪೆನ್ನಿನ ಬರಹವಾ, ಜೆರಾಕ್ಸಾ? ಫಾರಂ ಎರಡೂ ಕಡೆ ಪ್ರಿಂಟ್ ಆಗಿದ್ದು, ಅವರು ಜೆರಾಕ್ಸ್ ಮಾಡಿಸಿ ಕಳಿಸಿದ್ದರೆ, ಮೂರನೇ ಪುಟದ ಬೆನ್ನಲ್ಲಿದ್ದ ನಾಲ್ಕನೇದನ್ನು ಅಂಗಡಿಯವನು ಮಗುಚಿ ಹಾಕದೇ ಇರಬಹುದು. ಆಗ ಸಹಿ ಮಾಡಿದ ಅಸಲು ಇವತ್ತಿಗೂ ಅವರ ಮನೆಯ ಬೀರುವಿನಲ್ಲೇ ಇರುತ್ತದೆ. ಅಂಥ ಕೇಸಲ್ಲಿ ಹೊಸ ಪುಟವೂ ಬೇಕಿಲ್ಲ, ಅಸಲನ್ನು ತಂದುಕೊಟ್ಟರೆ ಆಯಿತು.

ಇಷ್ಟು ನೋಡಿ ಒಂದು ಫೋನ್ ಮಾಡಿ. ಅಡ್ಮಿಷನ್ ರಿಜಿಸ್ಟರಿನಲ್ಲಿರುವ ನಂಬರಿಗೇ ಮಾಡಿ, ಹುಡುಗಿ ಬಾಯಲ್ಲಿ ಹೇಳಿದ ನಂಬರಿಗೆ ಬೇಡ. "ಸಹಿ ಯಾಕೆ ಹಾಕಿಲ್ಲ?" ಅಂತ ಶುರು ಮಾಡಬೇಡಿ. ಅವರು ಸಹಿ ಹಾಕಿಯೇ ಕಳಿಸಿರಬಹುದು ಅಲ್ವಾ. "ಅಮ್ಮಾ, ಫಾರಂ ಕಳಿಸಿದ್ರಲ್ಲ, ಒಟ್ಟು ಎಷ್ಟು ಹಾಳೆ ಇತ್ತು? ಕೊನೇ ಹಾಳೆ ಯಾರ ಹತ್ರ ಇದೆ?" ಅಂತ ಕೇಳಿ. ನಿಮ್ಮ ಕೇಸಿನಲ್ಲಿ ಅಪ್ಪ ಬೆಂಗಳೂರಲ್ಲಿದ್ದಾರೆ ಅಂದಿರಿ. ನಾನು ಊಹಿಸುವುದು ಏನಂದರೆ, ಸಹಿ ಅಪ್ಪನದೇ ಆಗಬೇಕು ಅಂದುಕೊಂಡು ಆ ಒಂದು ಹಾಳೆಯನ್ನು ಬಿಡಿಸಿ ಬೆಂಗಳೂರಿಗೆ ಕಳಿಸಿದ್ದಾರೆ, ಉಳಿದ ಮೂರನ್ನು ತಡವಾಗುತ್ತೆ ಅಂತ ನಿಮಗೆ ಕೊಟ್ಟಿದ್ದಾರೆ. ಹಾಗೆ ಆಗಿದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಸಹಿ ಪುಟ ಒಂದನ್ನೇ ತರಿಸಿಕೊಂಡರೆ ಏನು ತೊಂದರೆ?

ನಾನು ಕೆಲಸಕ್ಕೆ ಸೇರಿದ ಮೂರನೇ ವರ್ಷ. ಒಂದು ಫಾರಂ ಹೀಗೇ ಸಹಿ ಪುಟ ಇಲ್ಲದೆ ಬಂತು. ನಾನು ಒಂದು ಖಾಲಿ ಸಹಿ ಪುಟ ಹುಡುಗಿ ಕೈಗೆ ಕೊಟ್ಟೆ. ಸೋಮವಾರ ಸಹಿ ಆಗಿ ಬಂತು. ಪಿನ್ ಹೊಡೆದು ಫೈಲಿಗೆ ಹಾಕಿದೆ. ನಾಲ್ಕು ತಿಂಗಳಾದ ಮೇಲೆ ದಸರಾ ರಜೆಗೆ ಆ ಹುಡುಗಿಯನ್ನು ಕರೆದುಕೊಂಡು ಹೋಗೋಕೆ ಅವಳ ಸೋದರಮಾವ ಬಂದರು. ಮೂರನೇ ಪುಟದಲ್ಲಿ, ಕರೆದೊಯ್ಯುವವರ ಪಟ್ಟಿಯಲ್ಲಿ ಅವರ ಹೆಸರು ಇತ್ತು, ಕಳಿಸಿದೆ. ರಾತ್ರಿ ಎಂಟೂವರೆಗೆ ತಂದೆ ಫೋನ್ ಮಾಡಿ, "ಆ ಮನೆಗೆ ನಮ್ಮ ಮಗಳನ್ನ ಕಳಿಸಿ ಅಂತ ನಿಮಗೆ ಯಾರು ಹೇಳಿದ್ದು?" ಅಂತ ಕೇಳಿದರು. ಎರಡು ಮನೆಗೂ ಜಮೀನಿನ ಜಗಳ ಆಗಿತ್ತು, ನನಗೆ ಅದು ಗೊತ್ತೂ ಇರಲಿಲ್ಲ. ಮಾರನೇ ದಿನ ಅವರು ಬಂದಾಗ ಫಾರಂ ತೆಗೆದು ತೋರಿಸಿದೆ. ಅವರು ಕೊನೇ ಪುಟ ನೋಡಿ, "ಈ ಸಹಿ ನಂದೇ. ಆದ್ರೆ ನಾನು ಸಹಿ ಹಾಕುವಾಗ ಈ ಒಂದು ಹಾಳೆ ಮಾತ್ರ ಇತ್ತು. ಮಾವನ ಹೆಸರು ಬರೆದಿರೋ ಹಾಳೆ ನಾನು ನೋಡೇ ಇಲ್ಲ" ಅಂದರು. ಅವರು ಹೇಳಿದ್ದು ಪೂರ್ತಿ ನಿಜ. ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಗಿ ಸುಖವಾಗಿ ಮನೆ ಸೇರಿದಳು, ಅದೊಂದೇ ಸಮಾಧಾನ. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಸಹಿ ಪುಟದಲ್ಲಿ ಸಾಮಾನ್ಯವಾಗಿ ಏನಿರುತ್ತದೆ ಹೇಳಿ? "ಮೇಲಿನ ಎಲ್ಲ ವಿಷಯಗಳನ್ನು ಓದಿ ತಿಳಿದುಕೊಂಡು ಒಪ್ಪಿರುತ್ತೇನೆ" ಅಂತ ಒಂದು ಸಾಲು, ಕೆಳಗೆ ಸಹಿ, ದಿನಾಂಕ, ಸ್ಥಳ. ಯಾವ ಮೇಲಿನ ವಿಷಯ? ಆ ಹಾಳೆಯ ಮೇಲೆ ಏನೂ ಇಲ್ಲ. ಅದನ್ನು ಯಾವ ಫಾರಮಿಗೆ ಬೇಕಾದರೂ ಸೇರಿಸಬಹುದು. ಹಾಗಾಗಿ ಸಹಿ ಹಾಕುವವರ ಕಣ್ಣ ಮುಂದೆ ನಾಲ್ಕೂ ಹಾಳೆ ಒಟ್ಟಿಗೆ ಇರಲೇಬೇಕು, ಅದಕ್ಕೇ ನಾಲ್ಕನ್ನೂ ವಾಪಸ್ ಕಳಿಸಿ ಅಂದಿದ್ದು. ಪೂರ್ತಿ ಹೊಸ ಫಾರಂ ಕೊಡಬೇಕು ಅಂತೇನಿಲ್ಲ. ಆ ತಾಯಿ ಯಾರ ಕೈಲೋ ಕೂತು ಬರೆಸಿದ ಮೂರು ಪುಟ ಅದು, ಮತ್ತೆ ಬರೆಸೋದು ಅವರಿಗೆ ಕಷ್ಟ. ಬರೆದಿರುವುದನ್ನೇ ಕಳಿಸಿ. ಪ್ರತಿ ಪುಟದ ಕೆಳಗೂ ಒಂದು ಚಿಕ್ಕ ಸಹಿ ಹಾಕಿಸಿ. ಹೊಸ ನಾಲ್ಕನೇ ಪುಟದ ತಲೆಯಲ್ಲಿ ನೀವೇ ಪೆನ್ನಲ್ಲಿ ಹುಡುಗಿಯ ಹೆಸರು, ತರಗತಿ, ಅಡ್ಮಿಷನ್ ನಂಬರ್, "ಒಪ್ಪಿಗೆ ಪತ್ರದ 4ನೇ ಪುಟ, ಒಟ್ಟು 4 ಪುಟ" ಅಂತ ಬರೆದೇ ಕಳಿಸಿ. ಆಗ ಅದು ಬೇರೆ ಯಾರ ಫಾರಮಿಗೂ ಸೇರುವುದಿಲ್ಲ.

ಕಳಿಸುವ ಮೊದಲು ಮೂರು ಪುಟದ ಜೆರಾಕ್ಸ್ ತೆಗೆದು ಫೈಲಿಗೆ ಹಾಕಿ, ಪ್ರತಿ ಜೆರಾಕ್ಸ್ ಮೇಲೂ ಕೆಂಪು ಶಾಯಿಯಲ್ಲಿ "ಸಹಿ ಇಲ್ಲ, ಪೋಷಕರಿಗೆ ವಾಪಸ್ ಕಳಿಸಿದೆ" ಅಂತ ದಿನಾಂಕದ ಸಮೇತ ಬರೆಯಿರಿ. ಇದು ಬರೆಯದಿದ್ದರೆ, ನೀವು ರಜೆಯಲ್ಲಿರುವ ದಿನ ಬೇರೆಯವರು ಆ ಜೆರಾಕ್ಸ್ ನೋಡಿ ಫಾರಂ ಇದೆಯಲ್ಲ ಅಂತ ಹುಡುಗಿಯನ್ನು ಕಳಿಸಿಬಿಡುತ್ತಾರೆ.

ಇನ್ನು ಆ ಹಳೇ ಮಾದರಿ. ನೀವು ಪೂರ್ತಿ ಹಾಕಿಲ್ಲ, ಆದರೂ ನನಗೆ ಅದರ ಧಾಟಿ ಗೊತ್ತು. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮಗೆ ತಿಳಿಯಪಡಿಸುವುದೇನೆಂದರೆ, ತಾವು ಸಲ್ಲಿಸಿರುವ ಒಪ್ಪಿಗೆ ಪತ್ರವು ಅಪೂರ್ಣವಾಗಿರುವುದರಿಂದ ಇದರೊಂದಿಗೆ ಹಿಂದಿರುಗಿಸಲಾಗಿದೆ. ಕೂಡಲೇ ಸರಿಪಡಿಸಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಮುಂದಿನ ಆಗುಹೋಗುಗಳಿಗೆ ತಾವೇ ಜವಾಬ್ದಾರರಾಗಿರುತ್ತೀರಿ." ಹೀಗೇ ತಾನೇ ಇರೋದು? ಇದು ಕಚೇರಿಯ ಹಿಂಬರಹದ ಭಾಷೆ. ಯಾರೋ ಪಹಣಿಗೋ ಪಿಂಚಣಿಗೋ ಅರ್ಜಿ ಹಾಕಿ, ದಾಖಲೆ ಕಮ್ಮಿ ಇದ್ದಾಗ ಕೊಡುವ ಹಿಂಬರಹ. ಅಲ್ಲಿ ಕೆಲಸ ಆಗಬೇಕಾದದ್ದು ಅರ್ಜಿದಾರನಿಗೆ. ಇಲ್ಲಿ ಹಾಗಲ್ಲ. ಒಪ್ಪಿಗೆ ಬೇಕಾಗಿರುವುದು ನಮಗೆ. ಒಪ್ಪುವುದು, ಒಪ್ಪದೇ ಇರುವುದು, ಒಂದನ್ನು ಒಪ್ಪಿ ಇನ್ನೊಂದನ್ನು ಹೊಡೆದು ಹಾಕುವುದು, ಎಲ್ಲ ಅವರಿಗೆ ಬಿಟ್ಟದ್ದು. ಹೆದರಿಸಿ ಹಾಕಿಸಿಕೊಂಡ ಸಹಿಗೆ ಒಪ್ಪಿಗೆ ಅಂತ ಹೆಸರಿಡೋಕೆ ಆಗಲ್ಲ.

ಇನ್ನೊಂದು ತೊಂದರೆ, "ಅಪೂರ್ಣ" ಅಂದರೆ ಏನು ಅಂತ ಆ ಪತ್ರ ಹೇಳುವುದೇ ಇಲ್ಲ. ಓದಿದವರಿಗೆ ಏನು ಕಮ್ಮಿ ಆಗಿದೆ ಗೊತ್ತಾಗಲ್ಲ. ಫೋಟೋ ಕಮ್ಮಿಯಾ, ಆಧಾರ್ ಜೆರಾಕ್ಸ್ ಕಮ್ಮಿಯಾ ಅಂತ ತಲೆ ಕೆಡಿಸಿಕೊಂಡು, ಇನ್ನೆರಡು ಜೆರಾಕ್ಸ್ ಸೇರಿಸಿ ಅದೇ ಮೂರು ಪುಟವನ್ನು ಮತ್ತೆ ಕಳಿಸುತ್ತಾರೆ. "ತಾವೇ ಜವಾಬ್ದಾರರು" ಅನ್ನೋ ಸಾಲನ್ನಂತೂ ಪೂರ್ತಿ ತೆಗೆಯಿರಿ. ಅದರಿಂದ ನಿಮ್ಮ ಹೊಣೆ ಒಂದಿಷ್ಟೂ ಕಮ್ಮಿ ಆಗಲ್ಲ, ಮಗು ನಿಮ್ಮ ಹಾಸ್ಟೆಲಿನಲ್ಲಿದೆ. ಮಗಳನ್ನು ಊರು ಬಿಟ್ಟು ಕಳಿಸಿ ಮೊದಲೇ ಆತಂಕದಲ್ಲಿರುವ ತಾಯಿಗೆ ಮಾತ್ರ ಎದೆ ಧಸಕ್ ಅನ್ನುತ್ತದೆ.

ನಾನಾದರೆ ಹೀಗೆ ಬರೆಯುತ್ತೇನೆ. ಕಂಪ್ಯೂಟರಿನಲ್ಲಿ ಮಾಡಿದರೆ ಅಕ್ಷರ ಸ್ವಲ್ಪ ದೊಡ್ಡದಾಗಿರಲಿ, ಒಂದೇ ಪುಟದಲ್ಲಿ ಮುಗಿಯಲಿ.

> ಇವರಿಂದ: ವಾರ್ಡನ್, ಹೆಣ್ಣುಮಕ್ಕಳ ಹಾಸ್ಟೆಲ್, ಮಂಡ್ಯ
>
> ಇವರಿಗೆ: ಶ್ರೀಮತಿ .............. / ಶ್ರೀ .............. (ಕುಮಾರಿ .............. ಅವರ ತಾಯಿ, ತಂದೆ)
>
> ದಿನಾಂಕ: ..............
>
> ವಿಷಯ: ಒಪ್ಪಿಗೆ ಪತ್ರದ 4ನೇ ಪುಟ (ಸಹಿ ಮಾಡುವ ಪುಟ) ನಮಗೆ ಸಿಕ್ಕಿಲ್ಲ
>
> ನಮಸ್ಕಾರ. ನಿಮ್ಮ ಮಗಳು ಹಾಸ್ಟೆಲಿನಲ್ಲಿ ಚೆನ್ನಾಗಿದ್ದಾಳೆ. ಈ ಪತ್ರ ಒಂದು ಹಾಳೆಯ ವಿಷಯಕ್ಕೆ ಮಾತ್ರ.
>
> ನೀವು ತುಂಬಿ ಕಳಿಸಿದ ಒಪ್ಪಿಗೆ ಪತ್ರ .......... ರಂದು ನಮಗೆ ತಲುಪಿದೆ. ಅದರಲ್ಲಿ ಒಟ್ಟು 4 ಪುಟ ಇರಬೇಕು. ನಮಗೆ 1, 2 ಮತ್ತು 3ನೇ ಪುಟ ಸಿಕ್ಕಿವೆ. ನೀವು ಸಹಿ ಮಾಡುವ 4ನೇ ಪುಟ ಸಿಕ್ಕಿಲ್ಲ. ನಮ್ಮ ಆಫೀಸಿನಲ್ಲೂ ಹುಡುಕಿ ನೋಡಿದ್ದೇವೆ.
>
> ನಿಮ್ಮ 3 ಪುಟ ಮತ್ತು ಒಂದು ಹೊಸ 4ನೇ ಪುಟವನ್ನು ಸೇರಿಸಿ ಇದರ ಜೊತೆ ಕಳಿಸಿದ್ದೇವೆ. ದಯವಿಟ್ಟು ನಾಲ್ಕೂ ಪುಟ ಓದಿ, ಅಥವಾ ನಂಬಿಕೆ ಇರುವವರ ಕೈಲಿ ಓದಿಸಿ ಕೇಳಿ. ಬದಲಾಯಿಸಬೇಕಾದ್ದು ಇದ್ದರೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಬರೆದು ಸಹಿ ಮಾಡಿ. ಎಲ್ಲ ಸರಿ ಇದ್ದರೆ 1, 2, 3ನೇ ಪುಟಗಳ ಕೆಳಗೆ ಚಿಕ್ಕ ಸಹಿ, 4ನೇ ಪುಟದಲ್ಲಿ ಪೂರ್ತಿ ಸಹಿ ಮಾಡಿ. ಸಹಿ ಮಾಡಿದ ದಿನದ ದಿನಾಂಕವನ್ನೇ ಹಾಕಿ. ತಾಯಿ ಅಥವಾ ತಂದೆ, ಒಬ್ಬರ ಸಹಿ ಸಾಕು. ಪಿನ್ ಬಿಚ್ಚಬೇಡಿ.
>
> ಫಾರಂ .......... ನೇ ತಾರೀಖಿನೊಳಗೆ ಬಂದರೆ ಅನುಕೂಲ. ಅಲ್ಲಿಯವರೆಗೆ ನಿಮ್ಮ ಮಗಳ ಊಟ, ವಸತಿ, ಕಾಲೇಜು ಎಲ್ಲ ಎಂದಿನಂತೆ ನಡೆಯುತ್ತದೆ. ಆದರೆ ಅವಳನ್ನು ಊರಿಗೆ ಕರೆದುಕೊಂಡು ಹೋಗಲು ತಾಯಿ ಅಥವಾ ತಂದೆಯೇ ಬರಬೇಕಾಗುತ್ತದೆ. ಕಾಲೇಜಿನ ಪ್ರವಾಸಕ್ಕೆ ಫಾರಂ ಬಂದ ಮೇಲೆ ಕಳಿಸುತ್ತೇವೆ. ಹುಷಾರಿಲ್ಲದಿದ್ದರೆ ಆಸ್ಪತ್ರೆಗೆ ನಾವೇ ಕರೆದೊಯ್ದು ಕೂಡಲೇ ನಿಮಗೆ ಫೋನ್ ಮಾಡುತ್ತೇವೆ.
>
> ಸಹಿ ಮಾಡಿದ ಹಳೆಯ 4ನೇ ಪುಟ ಮನೆಯಲ್ಲೇ ಇದ್ದರೆ ಅದನ್ನೂ ಜೊತೆಗೆ ಕಳಿಸಿ. ಏನಾದರೂ ಕೇಳುವುದಿದ್ದರೆ ಸಂಜೆ 5ರಿಂದ 8ರೊಳಗೆ ಹಾಸ್ಟೆಲಿಗೆ ಫೋನ್ ಮಾಡಿ.
>
> ನಿಮ್ಮ ವಿಶ್ವಾಸಿ,
> (ಸಹಿ, ಸೀಲು)
>
> ಅಡಕ: ಒಪ್ಪಿಗೆ ಪತ್ರ, 1ರಿಂದ 4ನೇ ಪುಟ. ವಿಳಾಸ ಬರೆದು ಸ್ಟಾಂಪ್ ಅಂಟಿಸಿದ ಕವರ್ 1.

"ನಿಮ್ಮ ಮಗಳು ಚೆನ್ನಾಗಿದ್ದಾಳೆ" ಅಂತ ಮೊದಲೇ ಬರೆದದ್ದು ಸುಮ್ನೆ ಅಲ್ಲ. ಹಾಸ್ಟೆಲ್ ಸೀಲು ಇರುವ ಕವರ್ ಮನೆಗೆ ಬಂತು ಅಂದರೆ ಮಗಳಿಗೆ ಏನಾಯಿತೋ ಅಂತಲೇ ಮೊದಲು ಅನ್ನಿಸುವುದು. ಒಮ್ಮೆ ಕೆ.ಆರ್.ಪೇಟೆ ಕಡೆಯ ಒಬ್ಬ ತಾಯಿ ಕವರನ್ನು ಒಡೆಯದೇ ಕೈಯಲ್ಲಿ ಹಿಡಿದುಕೊಂಡೇ ಬಸ್ ಹತ್ತಿ ಮೈಸೂರಿಗೆ ಬಂದಿದ್ದರು. ಓದೋಕೆ ಬರಲ್ಲ, ಊರಲ್ಲಿ ಇನ್ನೊಬ್ಬರ ಕೈಲಿ ಓದಿಸೋಕೆ ಭಯ. ಒಳಗಿದ್ದದ್ದು ಫೀಸಿನ ರಸೀದಿ. ಆವತ್ತಿನಿಂದ ಪ್ರತಿ ಪತ್ರದ ಮೊದಲ ಸಾಲಲ್ಲಿ ನಾನು ಮಗುವಿನ ಕ್ಷೇಮ ಬರೆದೆ, ಕವರ್ ಕಳಿಸುವ ಮೊದಲೇ ಫೋನೂ ಮಾಡಿದೆ.

"ಬದಲಾಯಿಸಬೇಕಾದ್ದು ಇದ್ದರೆ" ಅನ್ನುವ ಸಾಲನ್ನೂ ಉಳಿಸಿಕೊಳ್ಳಿ. ಫಾರಂ ಹೇಗೂ ಮತ್ತೆ ಅವರ ಕೈಗೆ ಹೋಗುತ್ತಿದೆ. ಕರೆದೊಯ್ಯುವವರ ಪಟ್ಟಿಯಲ್ಲಿ ಒಂದು ಹೆಸರು ಬೇಡ ಅನ್ನಿಸಿದ್ದರೆ ತೆಗೆಯೋಕೆ ಇದು ಸಮಯ. ನಾನು ಹೇಳಿದ ಆ ಸೋದರಮಾವನ ಪ್ರಸಂಗ ಈ ಒಂದು ಸಾಲಿನಿಂದ ತಪ್ಪುತ್ತಿತ್ತು.

ದಿನಾಂಕದ ವಿಷಯದಲ್ಲಿ ಗಟ್ಟಿಯಾಗಿರಿ. ಕೆಲವರು "ಜೂನ್ ತಿಂಗಳ ತಾರೀಖೇ ಹಾಕಿಸಿಬಿಡಿ, ಫೈಲು ನೀಟಾಗಿರುತ್ತೆ" ಅನ್ನುತ್ತಾರೆ. ಮಾಡಬೇಡಿ. ಆಗಸ್ಟಿನಲ್ಲಿ ಸಹಿ ಹಾಕಿದವರು ಆಗಸ್ಟಿನ ತಾರೀಖೇ ಹಾಕಬೇಕು. ಜೂನಿನಿಂದ ಅಲ್ಲಿಯವರೆಗೆ ನಿಮ್ಮ ಹತ್ತಿರ ಒಪ್ಪಿಗೆ ಇರಲಿಲ್ಲ, ಅದು ನಿಜ. ನೀವು ಬರೆದ ಈ ಪತ್ರದ ಪ್ರತಿ ಫೈಲಲ್ಲಿದ್ದರೆ, ಆ ಮಧ್ಯದ ದಿನಗಳಲ್ಲಿ ನೀವು ಏನು ಮಾಡಿದಿರಿ ಅನ್ನುವುದಕ್ಕೆ ಅದೇ ಸಾಕ್ಷಿ.

ಯಾರ ಸಹಿ ಅನ್ನುವುದರಲ್ಲೂ ಗೊಂದಲ ಜಾಸ್ತಿ. ಅಪ್ಪನದೇ ಆಗಬೇಕು ಅಂತ ನಾವು ವಾರ್ಡನ್‌ಗಳೇ ಪಟ್ಟು ಹಿಡಿದು ಅರ್ಧ ಫಾರಂ ತಡ ಮಾಡಿಸುತ್ತೇವೆ. 1956ರ ಹಿಂದೂ ಅಪ್ರಾಪ್ತರ ಪಾಲಕತ್ವ ಕಾಯ್ದೆಯಲ್ಲಿ ಮೊದಲು ತಂದೆ, ತಂದೆಯ "ನಂತರ" ತಾಯಿ ಅಂತ ಇದೆ. ಆದರೆ 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆ "ನಂತರ" ಅನ್ನುವ ಮಾತಿಗೆ ತಂದೆ ತೀರಿಕೊಂಡ ಮೇಲೆ ಅಂತಷ್ಟೇ ಅರ್ಥ ಅಲ್ಲ, ತಂದೆ ಇಲ್ಲದ ಹೊತ್ತಿನಲ್ಲಿ, ಮಗುವಿನ ಜವಾಬ್ದಾರಿ ತಾಯಿಯೇ ಹೊತ್ತಿರುವಾಗ, ತಾಯಿಯೂ ಪಾಲಕಿಯೇ ಅಂತ ಹೇಳಿದೆ. ಬೆಂಗಳೂರಲ್ಲಿ ವಾರವೆಲ್ಲ ಗಾಡಿ ಓಡಿಸುವ ತಂದೆಯ ಸಹಿಗೆ ಕಾಯಬೇಕಾಗಿಲ್ಲ. ಮಗಳನ್ನು ಸಾಕಿ, ನಿಮ್ಮ ಹತ್ತಿರ ತಂದು ಬಿಟ್ಟು ಹೋದ ತಾಯಿ ಹಾಕಿದರೆ ಸಾಕು. ಅಪ್ಪ ಅಮ್ಮ ಬೇರೆಯಾಗಿ, ಮಗು ಯಾರ ಹತ್ತಿರ ಇರಬೇಕು ಅಂತ ಕೋರ್ಟ್ ಆದೇಶ ಇದ್ದರೆ ಮಾತ್ರ ಆ ಆದೇಶದ ಪ್ರತಿ ನೋಡಿ, ಅದರ ಪ್ರಕಾರ ನಡೆಯಿರಿ.

ತಾಯಿಗೆ ಬರೆಯೋಕೆ ಬರದಿದ್ದರೆ ಹೆಬ್ಬೆಟ್ಟು ಒತ್ತಲಿ. ಬರೆಯಲು ಬಾರದವರ ಗುರುತನ್ನೂ ಸಹಿ ಅಂತಲೇ 1897ರ ಜನರಲ್ ಕ್ಲಾಸಸ್ ಕಾಯ್ದೆ ಒಪ್ಪುತ್ತದೆ. ಆದರೆ ಬರೀ ಹೆಬ್ಬೆಟ್ಟು ಸಾಲದು. ಅದರ ಪಕ್ಕ "ಇಂಥವರ ಎಡಗೈ ಹೆಬ್ಬೆಟ್ಟಿನ ಗುರುತು" ಅಂತ ಬರೆದಿರಬೇಕು. ಕೆಳಗೆ "ನಾಲ್ಕೂ ಪುಟ ಓದಿ ಹೇಳಿದ್ದೇನೆ, ಕೇಳಿ ಒಪ್ಪಿ ಗುರುತು ಹಾಕಿದ್ದಾರೆ" ಅಂತ ಓದಿ ಹೇಳಿದವರು ತಮ್ಮ ಹೆಸರು, ಊರು ಬರೆದು ಸಹಿ ಮಾಡಲಿ. ಮನೆಪತ್ರ, ಕ್ರಯಪತ್ರದಲ್ಲಿ ಬಿಕ್ಕಲಂ ಅಂತ ಬರೆಯುವುದಿಲ್ಲವಾ, ಅದೇ ರೀತಿ. ಓದಿ ಹೇಳಿದವರು ಆ ಹುಡುಗಿಯೇ ಆಗಬಾರದು. ಅಂಗನವಾಡಿ ಟೀಚರೋ, ಪಕ್ಕದ ಮನೆಯವರೋ, ಆಶಾ ಕಾರ್ಯಕರ್ತೆಯೋ ಯಾರಾದರೂ ಆಗಬಹುದು. ಇದನ್ನೆಲ್ಲ ಪತ್ರದಲ್ಲಿ ಬರೆದು ಹೆದರಿಸಬೇಡಿ. ಫೋನಿನಲ್ಲಿ ಹೇಳಿ, ಹೊಸ ನಾಲ್ಕನೇ ಪುಟದಲ್ಲಿ ಅದಕ್ಕೆ ಜಾಗ ಬಿಟ್ಟು ಕಳಿಸಿ.

ಹುಡುಗಿಗೆ ಆಗಲೇ 18 ತುಂಬಿದ್ದರೆ ಲೆಕ್ಕ ಬೇರೆ. ದ್ವಿತೀಯ ಪಿಯುನಲ್ಲಿ ವರ್ಷದ ಮಧ್ಯೆ ತುಂಬುವವರು ಇರುತ್ತಾರೆ. ಆಗ ಅವಳದೇ ಸಹಿ ಬೇಕು. ಹಾಸ್ಟೆಲ್ ನಿಯಮಕ್ಕೆ ಪೋಷಕರ ಸಹಿಯೂ ಇರಲಿ, ಆದರೆ ಚಿಕಿತ್ಸೆಗೆ ಒಪ್ಪುವವಳು ಅವಳೇ. ಫಾರಂ ಕಳಿಸುವ ಮೊದಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹುಟ್ಟಿದ ದಿನಾಂಕ ಒಮ್ಮೆ ನೋಡಿಬಿಡಿ.

ಕಳಿಸುವುದು ಹೇಗೆ? ಹುಡುಗಿ ಕೈಗೆ ಕೊಟ್ಟು "ಸಹಿ ಹಾಕಿಸಿಕೊಂಡು ಬಾ" ಅನ್ನಬೇಡಿ. ಒಳ್ಳೆ ಮಕ್ಕಳೇ, ಆದರೂ ಶನಿವಾರ ಊರಿಗೆ ಹೋಗಲೇಬೇಕು ಅನ್ನುವ ಆಸೆಯಲ್ಲಿ ಶುಕ್ರವಾರ ರಾತ್ರಿ ರೂಮಿನಲ್ಲೇ ಸಹಿ ಆಗಿಬಿಡುತ್ತದೆ. ಅವಳನ್ನು ಆ ಇಕ್ಕಟ್ಟಿಗೆ ಸಿಕ್ಕಿಸಬೇಡಿ. ನಮ್ಮ ಕಡೆ ಬಸ್ ಕಂಡಕ್ಟರ್ ಕೈಲಿ ಕವರ್ ಕಳಿಸುವುದೂ ರೂಢಿ. ತಿಂಡಿ ಡಬ್ಬಕ್ಕೆ ಅದು ಸರಿ, ಇದಕ್ಕೆ ಬೇಡ. ಆ ಮೂರು ಪುಟದಲ್ಲಿ ಮನೆ ವಿಳಾಸ, ಫೋನ್ ನಂಬರು, ಹುಡುಗಿಗೆ ಯಾವ ಕಾಯಿಲೆ, ಯಾವ ಮಾತ್ರೆ ಆಗಲ್ಲ, ಎಲ್ಲ ಇದೆ. ಅದೇ ಕಾರಣಕ್ಕೆ ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ "ಇವರದು ಸಹಿ ಇಲ್ಲ" ಅಂತ ಫೋಟೋ ಹಾಕುವುದೂ ತಪ್ಪು. ಮುಚ್ಚಿದ ಕವರಿನಲ್ಲಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ಪತ್ರದ ಪ್ರತಿಗೆ ಅಂಟಿಸಿ. ಇಲ್ಲಾ, ಅವರೇ ಮಂಡ್ಯಕ್ಕೆ ಬರುವವರಿದ್ದರೆ ಮುದ್ದಾಂ ಕೊಟ್ಟು ರಿಜಿಸ್ಟರಿನಲ್ಲಿ "ನಾಲ್ಕು ಪುಟದ ಫಾರಂ ತೆಗೆದುಕೊಂಡಿದ್ದೇನೆ" ಅಂತ ಸಹಿ ಹಾಕಿಸಿ. ಬಂದಾಗ ಅಲ್ಲೇ ಕೂತು ಓದಿ ಸಹಿ ಮಾಡಿಕೊಟ್ಟು ಹೋದರೆ ಇನ್ನೂ ಒಳ್ಳೆಯದು, ಒಂದು ಲೋಟ ಕಾಫಿ ಕೊಟ್ಟು ಹದಿನೈದು ನಿಮಿಷ ಬಿಡಿ.

ಆ ತಂದೆ ಬೆಂಗಳೂರಿನಿಂದ ಸಹಿ ಪುಟದ ಫೋಟೋ ವಾಟ್ಸಾಪಿನಲ್ಲಿ ಕಳಿಸಬಹುದು. ಬೇಡ ಅನ್ನಬೇಡಿ, ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಆದರೆ ಅದು ನಾನು ಆಗಲೇ ಹೇಳಿದ ಬಿಡಿ ಹಾಳೆಯೇ, ಫೋಟೋ ರೂಪದಲ್ಲಿ. ನಾಲ್ಕೂ ಪುಟ ಸಹಿ ಆದ ಮೇಲೆ ವರಸೆಯಾಗಿ ಫೋಟೋ ತೆಗೆದು, ರಿಜಿಸ್ಟರಿನಲ್ಲಿರುವ ನಂಬರಿನಿಂದಲೇ ಕಳಿಸಿದರೆ ಅಸಲು ಬರುವವರೆಗೆ ನಾಲ್ಕೈದು ದಿನ ಕೆಲಸ ನಡೆಸಬಹುದು.

ಆ ಮಧ್ಯದ ದಿನಗಳಲ್ಲಿ ಏನು ಮಾಡಬೇಕು ಅನ್ನುವುದನ್ನು ಪತ್ರದಲ್ಲಿ ಹಾಕಿದ್ದೇನೆ. ಅದರಲ್ಲಿ ಆಸ್ಪತ್ರೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹೊಸ ವಾರ್ಡನ್‌ಗಳು ಹೆದರುವುದು ಅಲ್ಲೇ. ಸಹಿ ಇಲ್ಲ ಅಂತ ಜ್ವರದ ಮಗುವನ್ನು ರೂಮಿನಲ್ಲಿ ಮಲಗಿಸಿ ಪೋಷಕರ ಫೋನಿಗೆ ಕಾಯಬಾರದು. ರಾತ್ರಿ ಹನ್ನೊಂದಕ್ಕೆ ಹೊಟ್ಟೆನೋವು ಅಂತ ಒದ್ದಾಡಿದರೆ ಸೀದಾ ಮಿಮ್ಸ್‌ಗೋ ಹತ್ತಿರದ ಆಸ್ಪತ್ರೆಗೋ ಹೊರಡಿ, ದಾರಿಯಲ್ಲೇ ಫೋನ್ ಮಾಡಿ. ಪ್ರಾಣಕ್ಕೆ ಅಪಾಯ ಇರುವಾಗ, ಪೋಷಕರು ಸಿಗದಿದ್ದರೆ, ಡಾಕ್ಟರು ಮಗುವಿನ ಒಳಿತಿಗಾಗಿ ಚಿಕಿತ್ಸೆ ಶುರು ಮಾಡೋಕೆ ಕಾನೂನೇ ಅವಕಾಶ ಕೊಟ್ಟಿದೆ. ಆದರೆ ತುರ್ತಿಲ್ಲದ ಆಪರೇಷನ್ನಿಗೆ ವಾರ್ಡನ್ ಸಹಿ ಹಾಕಬಾರದು. ನಿಮ್ಮ ಫಾರಂ ಪೂರ್ತಿ ಸಹಿಯಾಗಿ ಬಂದಿದ್ದರೂ ಅದು ಪ್ರಥಮ ಚಿಕಿತ್ಸೆಗೆ, ಆಸ್ಪತ್ರೆಗೆ ಸೇರಿಸೋಕೆ ಕೊಟ್ಟ ಒಪ್ಪಿಗೆ. ಕತ್ತರಿ ಹಾಕುವ ಮೊದಲು ಡಾಕ್ಟರು ತಾಯಿ ತಂದೆಯ ಜೊತೆಯೇ ಮಾತಾಡಬೇಕು. ಯಾವಾಗ ಫೋನ್ ಮಾಡಿದಿರಿ, ಯಾರು ಎತ್ತಿದರು, ಏನಂದರು ಅಂತ ಗಂಟೆ ಸಮೇತ ಡೈರಿಯಲ್ಲಿ ಬರೆದುಕೊಳ್ಳಿ.

ಪ್ರವಾಸದ ವಿಷಯದಲ್ಲಿ ಮಾತ್ರ ಕರಗಬೇಡಿ. ಬಸ್ ಹೊರಡುವ ಬೆಳಗ್ಗೆ ಹುಡುಗಿ ಬ್ಯಾಗ್ ಹಿಡಿದು ಅಳುತ್ತಾ ನಿಂತಿರುತ್ತಾಳೆ, ಲೆಕ್ಚರರ್ "ಇರಲಿ ಬಿಡಿ ಮೇಡಂ" ಅನ್ನುತ್ತಾರೆ. ಅಲ್ಲಿಗೆ ಬರದಂತೆ ನೋಡಿಕೊಳ್ಳುವುದು ನಿಮ್ಮ ಕೈಲಿದೆ. ಪತ್ರದಲ್ಲಿ ಕೊಡುವ ಕೊನೇ ತಾರೀಖು ಪ್ರವಾಸಕ್ಕೆ ಕನಿಷ್ಠ ಒಂದು ವಾರ ಮೊದಲಿರಲಿ. ಟಪಾಲು ಹೋಗಿ ಬರೋಕೆ ನಾಲ್ಕೈದು ದಿನ, ಓದಿಸೋಕೆ ಒಂದು ಭಾನುವಾರ ಅಂತ ಲೆಕ್ಕ ಹಾಕಿ. ಕಬ್ಬು ಕಡಿಯುವ ಸಮಯ, ನಾಟಿ ಸಮಯ ಆದರೆ ಇನ್ನೂ ಒಂದು ವಾರ ಸೇರಿಸಿ. ತಾರೀಖಿಗೆ ಮೂರು ದಿನ ಮುಂಚೆ ನೀವೇ ಮತ್ತೆ ಫೋನ್ ಮಾಡಿ.

ಫಾರಂ ವಾಪಸ್ ಬಂದಾಗ ತಂದವರ ಎದುರಿಗೇ ತೆರೆದು ಎಣಿಸಿ. ನಾಲ್ಕು ಪುಟ, ಮೂರು ಚಿಕ್ಕ ಸಹಿ, ಒಂದು ಪೂರ್ತಿ ಸಹಿ, ದಿನಾಂಕ. ಅಡ್ಮಿಷನ್ ದಿನ ಹಾಕಿದ ಸಹಿಯ ಪಕ್ಕ ಇಟ್ಟು ನೋಡಿ. ಅಕ್ಷರ ಸ್ವಲ್ಪ ಹೆಚ್ಚುಕಮ್ಮಿ ಇದ್ದರೆ ಅನುಮಾನ ಪಡಬೇಡಿ, ಅಪರೂಪಕ್ಕೆ ಪೆನ್ನು ಹಿಡಿಯುವವರ ಸಹಿ ಪ್ರತಿ ಸಲ ಬೇರೆ ಥರ ಇರುತ್ತದೆ. ಅಡ್ಮಿಷನ್ ದಿನ ಕನ್ನಡದಲ್ಲಿ ತಡೆತಡೆದು ಬರೆದಿದ್ದವರ ಸಹಿ ಈಗ ಇಂಗ್ಲಿಷಿನಲ್ಲಿ ಸರಾಗವಾಗಿ ಬಂದಿದ್ದರೆ ಮಾತ್ರ ಒಂದು ಫೋನ್ ಮಾಡಿ ವಿಚಾರಿಸಿ. ಎಲ್ಲ ಸರಿಯಿದ್ದರೆ ಇನ್‌ವರ್ಡ್ ರಿಜಿಸ್ಟರಿನಲ್ಲಿ "4 ಪುಟ" ಅಂತ ಸಂಖ್ಯೆ ಸಮೇತ ಬರೆದು, ಕೆಂಪು ಶಾಯಿ ಬರೆದ ಹಳೇ ಜೆರಾಕ್ಸನ್ನು ಅದರ ಹಿಂದೆ ಸೇರಿಸಿ. ಹಳೆಯ ನಾಲ್ಕನೇ ಪುಟವೂ ಬಂದಿದ್ದರೆ ಅದಕ್ಕೆ ಅಡ್ಡಗೆರೆ ಎಳೆದು "ಬದಲಿ ಪುಟ ಸಹಿ ಆಗಿದೆ" ಅಂತ ಬರೆದು ಅಲ್ಲೇ ಇಡಿ, ಹರಿದು ಹಾಕಬೇಡಿ.

ಮುಂದಿನ ವರ್ಷಕ್ಕೆ ಫಾರಂ ಪ್ರಿಂಟ್ ಮಾಡಿಸುವಾಗ ಪ್ರೆಸ್ಸಿನವರಿಗೆ ಒಂದು ಬದಲಾವಣೆ ಹೇಳಿ. A4 ಹಾಳೆ ನಾಲ್ಕು ಬೇಡ, ಒಂದೇ A3 ಹಾಳೆಯನ್ನು ನಡುವೆ ಮಡಚಿ ನಾಲ್ಕು ಪುಟ ಮಾಡಿಸಿ, ಪರೀಕ್ಷೆಯ ಉತ್ತರ ಪತ್ರಿಕೆ ಹೊರಗಿನ ಹಾಳೆ ಇರುತ್ತಲ್ಲ ಹಾಗೆ. ಪಿನ್ನೇ ಬೇಕಾಗಲ್ಲ, ಕೊನೇ ಪುಟ ಮೊದಲನೇ ಪುಟದ ಜೊತೆಗೇ ಅಂಟಿಕೊಂಡಿರುತ್ತದೆ. ಸಹಿ ಪುಟದಲ್ಲಿ ಬರೀ ಸಹಿ ಇಡಬೇಡಿ. ಹುಡುಗಿಯನ್ನು ಕರೆದೊಯ್ಯಬಹುದಾದವರ ಹೆಸರುಗಳನ್ನು ಆ ಪುಟದಲ್ಲೇ, ಸಹಿಗೆ ಸರಿಯಾಗಿ ಮೇಲೆ ಬರೆಯುವಂತೆ ಜಾಗ ಮಾಡಿ.